ಟ್ಯಾಂಕ್ ಖಾಲಿಯಾದರೆ ಸುಮ್ಮನಿರುತ್ತದೆ, ತುಂಬಿದರೆ ಓಡುತ್ತದೆ

ಪ್ರಶ್ನೆ: ನಾವು ತುಮಕೂರಿನವರು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಸಂಪಿಗೆ ಬೋರ್‌ವೆಲ್ ನೀರೂ ಬರುತ್ತದೆ, ಕಾರ್ಪೊರೇಷನ್ನಿನ ಹೇಮಾವತಿ ನೀರೂ ಬರುತ್ತದೆ. ತಾರಸಿಯ ಮೇಲೆ 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್, ಕೆಳಗೆ 1 ಎಚ್‌ಪಿ ಮೋಟಾರ್. ನಾಲ್ಕು ವರ್ಷದ ಹಿಂದೆ ಆಟೊಮ್ಯಾಟಿಕ್ ಕಂಟ್ರೋಲರ್ ಹಾಕಿಸಿದೆವು, ಚೆನ್ನಾಗಿಯೇ ಇತ್ತು. ಯುಗಾದಿ ಆದಮೇಲೆ ಆಟೊದಲ್ಲಿಟ್ಟರೆ ಮೋಟಾರ್ ಶುರುವಾಗುವುದು ನಿಂತಿತು. ಸಂಪ್ ತುಂಬಿದ್ದರೂ ‘ಸಂಪಿನಲ್ಲಿ ನೀರಿಲ್ಲ’ ಎಂಬ ಕೆಂಪು ದೀಪ ಉರಿಯುತ್ತಿತ್ತು. ವಿಚಿತ್ರವೆಂದರೆ, ಬೋರ್‌ವೆಲ್ ನೀರು ಬಿಟ್ಟಾಗ ಒಮ್ಮೊಮ್ಮೆ ಶುರುವಾಗುತ್ತಿತ್ತು, ಹೇಮಾವತಿ ನೀರು ತುಂಬಿದ ದಿನ ಮಾತ್ರ ಏನು ಮಾಡಿದರೂ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಸೆನ್ಸರ್ ಹೋಗಿದೆ ಎಂದು ಮೇಲಿನ ಟ್ಯಾಂಕಿನ ಮೂರು ಕಡ್ಡಿ ತೆಗೆದು ಫ್ಲೋಟ್ ಸ್ವಿಚ್ ಇಳಿಬಿಟ್ಟರು. ಸಂಪಿನ ವೈರ್ ಬಿಚ್ಚಿ ಆ ಜಾಗದಲ್ಲಿ ಒಂದು ತುಂಡು ವೈರ್ ಲೂಪ್ ಹಾಕಿದರು. ಕೆಂಪು ದೀಪ ಆರಿತು. ಆದರೆ ಈಗ ಟ್ಯಾಂಕ್ ಖಾಲಿಯಾದರೆ ಮೋಟಾರ್ ಸುಮ್ಮನಿರುತ್ತದೆ. ಮ್ಯಾನ್ಯುಯಲ್‌ನಲ್ಲಿ ತುಂಬಿಸಿ ಆಟೊಗೆ ತಿರುಗಿಸಿದರೆ, ತುಂಬಿದ ಟ್ಯಾಂಕಿಗೇ ನೀರು ಹೊಡೆಯಲು ಶುರುಮಾಡುತ್ತದೆ. ಕಂಟ್ರೋಲರ್ ಕೆಟ್ಟಿದೆ, ಹೊಸದು ತನ್ನಿ ಎನ್ನುತ್ತಾರೆ. ಯಜಮಾನರು ಕೆಲಸದ ಮೇಲೆ ಊರಲ್ಲಿರುವುದಿಲ್ಲ. ಅತ್ತೆಯವರಿಗೆ ಸ್ವಿಚ್ ಮುಟ್ಟಲು ಭಯ. ಏನು ಮಾಡಲಿ?
ಹೆಸರು ಬೇಡ, ತುಮಕೂರು

ಉತ್ತರ: ಅಮ್ಮಾ, ಮೊದಲು ಒಂದು ಕೆಲಸ ಮಾಡಿ. ಈ ಪುಟ ಓದಿ ಮುಗಿಸುವ ಮೊದಲೇ ಕಂಟ್ರೋಲರನ್ನು ಆಟೊದಿಂದ ತೆಗೆದುಬಿಡಿ. ಈಗಿರುವ ಸ್ಥಿತಿಯಲ್ಲಿ ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ಮೋಟಾರ್ ನಿಲ್ಲುವುದಿಲ್ಲ. ಸಂಪ್ ಬರಿದಾದರೂ ನಿಲ್ಲುವುದಿಲ್ಲ, ಏಕೆಂದರೆ ಆ ಲೂಪ್ ಕಂಟ್ರೋಲರಿಗೆ ಹಗಲೂ ರಾತ್ರಿ ‘ಸಂಪಿನಲ್ಲಿ ನೀರಿದೆ’ ಎಂದೇ ಹೇಳುತ್ತಿದೆ. ನೀರಿಲ್ಲದೆ ಓಡುವ ಮೋಟಾರಿನ ಸೀಲ್ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ಹಾಳಾಗುತ್ತದೆ. ಸರಿಪಡಿಸುವ ತನಕ ಮ್ಯಾನ್ಯುಯಲ್‌ನಲ್ಲೇ, ಎದುರಿಗೆ ನಿಂತು ತುಂಬಿಸಿಕೊಳ್ಳಿ.

ಇನ್ನು ಹೊಸ ಕಂಟ್ರೋಲರಿನ ಮಾತು. ಕೊಳ್ಳಬೇಡಿ. ನಿಮ್ಮದು ಕೆಟ್ಟಿಲ್ಲ ಎನ್ನುವುದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ತುಂಬಿದ ಟ್ಯಾಂಕಿಗೇ ಆಗಲಿ, ಆಟೊದಲ್ಲಿ ಅದು ಮೋಟಾರನ್ನು ಶುರುಮಾಡುತ್ತಿದೆಯಲ್ಲ? ಅಂದರೆ ಒಳಗಿನ ರಿಲೇ ಸರಿಯಿದೆ, ಸ್ಟಾರ್ಟರ್ ಸರಿಯಿದೆ, ಮೋಟಾರಿನ ಕೆಪಾಸಿಟರ್ ಸರಿಯಿದೆ. ತನಗೆ ಬಂದ ಸುದ್ದಿಗೆ ತಕ್ಕಂತೆಯೇ ಅದು ನಡೆದುಕೊಳ್ಳುತ್ತಿದೆ. ಸುದ್ದಿ ಸುಳ್ಳು. ಮೊದಲು ಸಂಪಿನಿಂದ ಸುಳ್ಳು ಸುದ್ದಿ ಬರುತ್ತಿತ್ತು, ಈಗ ತಾರಸಿಯಿಂದಲೂ ಬರುತ್ತಿದೆ. ಎರಡೂ ಬೇರೆ ಬೇರೆ ತಕರಾರು. ಒಂದರ ಮೇಲೊಂದು ಕೂತಿರುವುದರಿಂದ ನಿಮಗೆ ಗೊಂದಲವಾಗಿದೆ.

ಕಡ್ಡಿ ಸೆನ್ಸರಿನ ಕಂಟ್ರೋಲರ್ ಹೇಗೆ ಯೋಚಿಸುತ್ತದೆ ಎಂಬುದು ಗೊತ್ತಾದರೆ ಉಳಿದದ್ದು ಸುಲಭ. ಒಂದು ಕಡ್ಡಿ ಕಾಮನ್. ಅದರಿಂದ ಕಡಿಮೆ ವೋಲ್ಟೇಜಿನ, ತೀರಾ ಸಣ್ಣ ಕರೆಂಟು ನೀರಿನ ಮೂಲಕ ಇನ್ನೊಂದು ಕಡ್ಡಿಗೆ ಹರಿಯಬೇಕು. ಹರಿದರೆ ‘ಇಲ್ಲಿ ನೀರಿದೆ’, ಹರಿಯದಿದ್ದರೆ ‘ಇಲ್ಲಿ ನೀರಿಲ್ಲ’. ಇಷ್ಟನ್ನು ಬಿಟ್ಟು ಅದಕ್ಕೆ ಬೇರೇನೂ ತಿಳಿಯದು. ಸಂಪಿನಲ್ಲಿ ಸಾಮಾನ್ಯವಾಗಿ ಕಾಮನ್ ಜೊತೆ ಇನ್ನೊಂದೇ ಕಡ್ಡಿ. ಮೇಲಿನ ಟ್ಯಾಂಕಿನಲ್ಲಿ ಕಾಮನ್, ಕೆಳಮಟ್ಟದ ಲೋ, ಮೇಲ್ಮಟ್ಟದ ಹೈ ಎಂದು ಮೂರು. ಸಂಪಿನಲ್ಲಿ ನೀರಿರಬೇಕು, ಮೇಲೆ ಲೋ ಕಡ್ಡಿಯೂ ನೀರಿನಿಂದ ಹೊರಗಿರಬೇಕು. ಇವೆರಡೂ ಒಟ್ಟಿಗೆ ಇದ್ದರೆ ಮಾತ್ರ ಮೋಟಾರ್ ಶುರು. ನೀರು ಹೈ ಕಡ್ಡಿ ಮುಟ್ಟಿದ ಕೂಡಲೇ ನಿಲ್ಲಬೇಕು.

ಈಗ ಕಡ್ಡಿಗೆ ಕೊಳೆ ಹಿಡಿದರೆ ಏನಾಗುತ್ತದೆ ನೋಡಿ. ಬೋರ್‌ವೆಲ್ಲಿನ ಗಡಸು ನೀರು ಬಿಡುವ ಬಿಳಿ ಸುಣ್ಣದ ಪೊರೆ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಕಡ್ಡಿ ನೀರಿನಲ್ಲಿ ಮುಳುಗಿದ್ದರೂ ಕಂಟ್ರೋಲರಿಗೆ ಅದು ಒಣಗಿದಂತೆಯೇ. ಈ ಪೊರೆ ಸಂಪಿನ ಕಡ್ಡಿಗೆ ಬಂದರೆ ‘ನೀರಿಲ್ಲ’ ಎಂದು ಮೋಟಾರ್ ಶುರುವಾಗುವುದಿಲ್ಲ. ಅದೇ ಪೊರೆ ಮೇಲಿನ ಟ್ಯಾಂಕಿನ ಹೈ ಕಡ್ಡಿಗೆ ಬಂದರೆ ತಿರುಗುಮುರುಗು: ಟ್ಯಾಂಕ್ ತುಂಬಿದ್ದು ಗೊತ್ತಾಗದೆ ನೀರು ಹೊರಗೆ ಚೆಲ್ಲುತ್ತದೆ. ‘ಸೆನ್ಸರ್ ಕೊಳೆಯಾಗಿದೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಯಾವ ಟ್ಯಾಂಕಿನದು ಎಂದು ಮೊದಲು ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನಿಮ್ಮಲ್ಲಿ ಉರಿದದ್ದು ಸಂಪಿನ ದೀಪ, ಬಿಚ್ಚಿದ್ದು ತಾರಸಿಯ ಕಡ್ಡಿ.

ನಿಮಗೆ ವಿಚಿತ್ರ ಎನಿಸಿದ ಹೇಮಾವತಿ ನೀರಿನ ಸಂಗತಿಯೇ ನನಗೆ ಹೆಚ್ಚು ಸಹಾಯ ಮಾಡಿತು. ನೀರಿನಲ್ಲಿ ಕರೆಂಟನ್ನು ಸಾಗಿಸುವುದು ಅದರಲ್ಲಿ ಕರಗಿದ ಲವಣ. ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚು, ನದಿಯ ನೀರಿನಲ್ಲಿ ಕಡಿಮೆ. ಕಡ್ಡಿ ಸ್ವಚ್ಛವಾಗಿದ್ದಾಗ ಎರಡು ನೀರಿಗೂ ಕಂಟ್ರೋಲರ್ ಸ್ಪಂದಿಸುತ್ತಿತ್ತು, ವ್ಯತ್ಯಾಸ ನಿಮ್ಮ ಗಮನಕ್ಕೆ ಬರಲೇ ಇಲ್ಲ. ಪೊರೆ ದಪ್ಪವಾದ ಮೇಲೆ ಬೋರ್‌ವೆಲ್ ನೀರಿದ್ದಾಗ ಅಂತೂ ಇಂತೂ ಕರೆಂಟು ದಾಟುತ್ತಿತ್ತು, ಹೇಮಾವತಿ ನೀರಿದ್ದಾಗ ದಾಟಲಿಲ್ಲ. ಮಳೆನೀರನ್ನು ಸಂಪಿಗೆ ಬಿಟ್ಟುಕೊಳ್ಳುವ ಮನೆಗಳಲ್ಲೂ ಹೀಗೇ, ಬೇಸಿಗೆಯಲ್ಲಿ ಸರಿಯಿದ್ದ ಸೆನ್ಸರ್ ಮಳೆಗಾಲದಲ್ಲಿ ಕೈಕೊಡುತ್ತದೆ. ವೈರ್ ತುಂಡಾಗಿದ್ದರೆ ಯಾವ ನೀರಿಗೂ ಸ್ಪಂದನೆ ಇರುತ್ತಿರಲಿಲ್ಲ. ನೀರು ಬದಲಾದಂತೆ ತಕರಾರೂ ಬದಲಾಗುತ್ತಿದೆ ಎಂದರೆ ಅದು ಬಹುಮಟ್ಟಿಗೆ ಪೊರೆಯದೇ ಕೆಲಸ.

ಪರೀಕ್ಷೆ ಮಾಡುವುದು ಹೀಗೆ. ಮೋಟಾರಿನ ಎಂಸಿಬಿ ಇಳಿಸಿ. ಸಂಪಿನ ಮುಚ್ಚಳ ತೆಗೆದು ಕಡ್ಡಿಗಳನ್ನು ಅವುಗಳ ಹಿಡಿಯ ಸಮೇತ ಮೇಲಕ್ಕೆಳೆದುಕೊಳ್ಳಿ. ಯಾವ ಕಾರಣಕ್ಕೂ ಸಂಪಿನೊಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಉಸಿರುಗಟ್ಟಿ ಜೀವ ಹೋಗುತ್ತದೆ. ಕಡ್ಡಿಗಳನ್ನು ಬಿಸಿಲಿಗೆ ಹಿಡಿದು ನೋಡಿ. ಸ್ಟೀಲಿನ ಹೊಳಪು ಎಲ್ಲೂ ಕಾಣದೆ, ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರಿದರೆ ಅದೇ ಸುಣ್ಣ. ಎರಡು ಕಡ್ಡಿಗಳೂ ಒಂದೇ ರೀತಿ ಬೆಳ್ಳಗಿವೆಯೇ ಎಂಬುದನ್ನೂ ಗಮನಿಸಿ. ಒಂದು ದಪ್ಪ ಪೊರೆ ಕಟ್ಟಿ, ಇನ್ನೊಂದು ಕಪ್ಪಾಗಿ, ಗುಳಿ ಬಿದ್ದು ಸಣ್ಣಗಾಗಿದ್ದರೆ ನಿಮ್ಮ ಕಂಟ್ರೋಲರ್ ಕಡ್ಡಿಗಳಿಗೆ ಡಿಸಿ ಕರೆಂಟು ಕೊಡುತ್ತಿದೆ ಎಂದರ್ಥ. ಕರೆಂಟು ಒಂದೇ ದಿಕ್ಕಿನಲ್ಲಿ ಹರಿದಾಗ ಒಂದು ಕಡ್ಡಿಯ ಮೇಲೆ ಸುಣ್ಣ ಕೂರುತ್ತದೆ, ಇನ್ನೊಂದು ಕಡ್ಡಿ ಕರಗುತ್ತಾ ಹೋಗುತ್ತದೆ. ಎಸಿ ಕೊಡುವ ಕಂಟ್ರೋಲರ್‌ಗಳಲ್ಲಿ ಈ ಕಾಟ ತುಂಬಾ ಕಡಿಮೆ. ಕರಗಿದ ಕಡ್ಡಿಯನ್ನು ಉಜ್ಜಿ ಪ್ರಯೋಜನವಿಲ್ಲ, ಸ್ಟೇನ್‌ಲೆಸ್ ಸ್ಟೀಲಿನ ಹೊಸ ಕಡ್ಡಿಯನ್ನೇ ಹಾಕಿಸಬೇಕು.

ಬರೀ ಪೊರೆಯಾದರೆ ಉದ್ದನೆಯ ಪಾತ್ರೆಯಲ್ಲಿ ವಿನೆಗರ್ ಹಾಕಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಕಡ್ಡಿಗಳನ್ನು ಅರ್ಧ ಗಂಟೆ ನೆನೆಸಿ. ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಸುಣ್ಣ ಕರಗುತ್ತಿರುವ ಗುರುತು. ಗುಳ್ಳೆ ನಿಂತ ಮೇಲೆ ಪಾತ್ರೆ ಉಜ್ಜುವ ನಾರಿನಿಂದ ಉಜ್ಜಿ, ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ. ಅದು ಸುಣ್ಣದ ಜೊತೆ ಸ್ಟೀಲನ್ನೂ ತಿನ್ನುತ್ತದೆ, ಅಲ್ಲದೆ ಈ ಕಡ್ಡಿ ಮತ್ತೆ ನೀವು ಬಳಸುವ ನೀರಿಗೇ ಇಳಿಯಬೇಕು. ಕಡ್ಡಿಯ ತುದಿಗೆ ವೈರ್ ಸೇರಿದ ಜಾಗವನ್ನೂ ನೋಡಿ. ತಾಮ್ರ ಹಸಿರುಗಟ್ಟಿದ್ದರೆ ಅಷ್ಟುದ್ದ ಕತ್ತರಿಸಿ ಹೊಸದಾಗಿ ಕಚ್ಚಿಸಬೇಕು. ಸಂಪಿನ ತೇವದಲ್ಲಿ ಬರೀ ಇನ್ಸುಲೇಷನ್ ಟೇಪ್ ಹೆಚ್ಚು ದಿನ ತಡೆಯುವುದಿಲ್ಲ, ಜಾಯಿಂಟನ್ನು ಮುಚ್ಚಳದ ಹೊರಗೆ ಒಂದು ಸಣ್ಣ ಡಬ್ಬಿಯೊಳಗೆ ಮಾಡಿಸಿ.

ಆಮೇಲೆ ಎಲೆಕ್ಟ್ರಿಷಿಯನ್ನರಿಂದ ಆ ಲೂಪ್ ತೆಗೆಸಿ, ಸಂಪಿನ ಎರಡು ವೈರ್‌ಗಳನ್ನು ಮೊದಲಿನ ಜಾಗಕ್ಕೇ ಕೂರಿಸಿ. ಸೆನ್ಸರಿನ ಟರ್ಮಿನಲ್‌ಗಳಲ್ಲಿರುವುದು ಕಡಿಮೆ ವೋಲ್ಟೇಜೇ ಆದರೂ ಅದೇ ಡಬ್ಬಿಯೊಳಗೆ 230 ವೋಲ್ಟ್ ಇರುತ್ತದೆ. ಎಂಸಿಬಿ ಇಳಿಸದೆ ಮುಚ್ಚಳ ತೆಗೆಯಕೂಡದು. ಕಡ್ಡಿಗಳನ್ನು ಸಂಪಿಗೆ ಬಿಡುವ ಮೊದಲು ಒಂದು ಬಕೆಟ್ ಹೇಮಾವತಿ ನೀರಿನಲ್ಲಿ, ಒಂದಕ್ಕೊಂದು ತಗಲದಂತೆ ಇಳಿಬಿಟ್ಟು ಕರೆಂಟು ಕೊಟ್ಟು ನೋಡಿ. ಕೆಂಪು ದೀಪ ಆರಬೇಕು. ಎಂಸಿಬಿ ಇಳಿಸಿ, ಕಡ್ಡಿಗಳನ್ನು ಮೇಲೆತ್ತಿ ಮತ್ತೆ ಕರೆಂಟು ಕೊಟ್ಟರೆ ದೀಪ ಉರಿಯಬೇಕು. ಬಕೆಟ್ಟಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ಮಾತ್ರ ದೀಪ ಆರುತ್ತದೆ ಎಂದಾದರೆ ಪೊರೆ ಇನ್ನೂ ಪೂರ್ತಿ ಹೋಗಿಲ್ಲ, ಇನ್ನೊಂದು ಸುತ್ತು ನೆನೆಸಿ. ಈ ಬಕೆಟ್ ಪರೀಕ್ಷೆ ನಡೆಯುವಾಗ ಮೋಟಾರಿನ ವೈರನ್ನು ಬಿಡಿಸಿಟ್ಟಿರಿ. ಆಗ ಅದು ತಾನಾಗಿ ಓಡುವ ಭಯವಿಲ್ಲ.

ಇನ್ನು ತಾರಸಿಯ ಫ್ಲೋಟ್. ಇಲ್ಲಿ ನಿಮ್ಮ ಎಲೆಕ್ಟ್ರಿಷಿಯನ್ನರ ಬಗ್ಗೆ ಒಂದು ಮಾತು. ಅವರು ನಿಮಗೆ ಮೋಸ ಮಾಡಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಬಹಳ ಮನೆಗಳಲ್ಲಿ ಕಂಟ್ರೋಲರೇ ಇಲ್ಲದೆ ಫ್ಲೋಟನ್ನು ನೇರವಾಗಿ ಸ್ಟಾರ್ಟರಿನ ಕಾಯಿಲಿಗೆ ಜೋಡಿಸುತ್ತಾರೆ. ಅಂಥ ಜೋಡಣೆಯಲ್ಲಿ ಟ್ಯಾಂಕ್ ಖಾಲಿಯಾಗಿ ಫ್ಲೋಟ್ ಕೆಳಗೆ ಜೋತುಬಿದ್ದಾಗ ಅದರೊಳಗಿನ ಸ್ವಿಚ್ ಮುಚ್ಚಿಕೊಳ್ಳಬೇಕು, ಆಗಲೇ ಕರೆಂಟು ಹರಿದು ಮೋಟಾರ್ ಓಡುತ್ತದೆ. ಮೇಲೆ ತೇಲಿದಾಗ ತೆರೆದುಕೊಳ್ಳಬೇಕು. ದಿನವೂ ಮಾಡುವ ಆ ಜೋಡಣೆಯನ್ನೇ ಅವರು ನಿಮ್ಮಲ್ಲೂ ಮಾಡಿದ್ದಾರೆ. ಆದರೆ ನಿಮ್ಮಲ್ಲಿ ಫ್ಲೋಟ್ ಮೋಟಾರಿಗೆ ಕರೆಂಟು ಕೊಡುತ್ತಿಲ್ಲ. ಕಡ್ಡಿಗಳ ಜಾಗದಲ್ಲಿ ಕೂತು ಕಂಟ್ರೋಲರಿಗೆ ಸುದ್ದಿ ಕೊಡುತ್ತಿದೆ. ಕಂಟ್ರೋಲರಿನ ಭಾಷೆಯಲ್ಲಿ ಎರಡು ವೈರ್ ಕೂಡಿದರೆ ‘ನೀರಿದೆ’.

ಈಗ ನಿಮ್ಮ ಮನೆಯ ಒಂದು ದಿನವನ್ನು ಇದಕ್ಕೆ ಹೊಂದಿಸಿ ನೋಡೋಣ. ಬೆಳಿಗ್ಗೆ ಟ್ಯಾಂಕ್ ಖಾಲಿ. ಫ್ಲೋಟ್ ಜೋತುಬಿದ್ದಿದೆ, ಒಳಗಿನ ಸ್ವಿಚ್ ಮುಚ್ಚಿದೆ, ವೈರ್ ಕೂಡಿವೆ. ಕಂಟ್ರೋಲರ್ ‘ಟ್ಯಾಂಕಿನಲ್ಲಿ ನೀರಿದೆ’ ಎಂದು ಸುಮ್ಮನಿರುತ್ತದೆ. ನೀವು ಮ್ಯಾನ್ಯುಯಲ್‌ನಲ್ಲಿ ತುಂಬಿಸುತ್ತೀರಿ. ಫ್ಲೋಟ್ ಮೇಲೆದ್ದು ಸ್ವಿಚ್ ತೆರೆಯುತ್ತದೆ. ಕಂಟ್ರೋಲರಿಗೆ ಆಗ ‘ಟ್ಯಾಂಕ್ ಒಣಗಿದೆ’ ಎಂಬ ಸುದ್ದಿ. ಸಂಪಿನಲ್ಲಿ ಹೇಗೂ ಲೂಪ್ ಇದೆ. ಆಟೊಗೆ ತಿರುಗಿಸಿದ ಕೂಡಲೇ ಮೋಟಾರ್ ಶುರು. ನೀರು ಹರಿಯುತ್ತಲೇ ಇರುವಾಗ ಫ್ಲೋಟ್ ಕೆಳಗಿಳಿಯುವ ಮಾತೇ ಇಲ್ಲ, ಆದ್ದರಿಂದ ನಿಲ್ಲುವ ಮಾತೂ ಇಲ್ಲ. ನೀವು ಬರೆದ ಎರಡು ಲಕ್ಷಣಗಳೂ ಇದರಿಂದಲೇ ಹುಟ್ಟಿದವು.

ಹಾಗಾಗಿ ಕಡ್ಡಿಯ ಬದಲು ಹಾಕುವ ಫ್ಲೋಟ್, ಮೇಲಿನ ಟ್ಯಾಂಕಿನದಾಗಲಿ ಸಂಪಿನದಾಗಲಿ, ತೇಲಿದಾಗಲೇ ಮುಚ್ಚಿಕೊಳ್ಳಬೇಕು. ಇದಕ್ಕೆ ಹೊಸ ಫ್ಲೋಟ್ ಬೇಕಿಲ್ಲ. ನಿಮ್ಮದರಲ್ಲಿ ಮೂರು ಎಳೆಯ ಕೇಬಲ್ ಇದ್ದರೆ ಎರಡು ಬಗೆಯ ಜೋಡಣೆಯೂ ಅದರೊಳಗೇ ಇದೆ. ಸಾಮಾನ್ಯವಾಗಿ ಕಪ್ಪು, ಕಂದು, ನೀಲಿ ಬಣ್ಣದ ಎಳೆಗಳಿರುತ್ತವೆ. ಕಪ್ಪು ಕಾಮನ್ ಆಗಿರುವುದೇ ಹೆಚ್ಚು, ಆದರೆ ಉಳಿದೆರಡರ ಬಣ್ಣವನ್ನು ನಂಬಿ ಜೋಡಿಸಬಾರದು, ಒಬ್ಬೊಬ್ಬ ತಯಾರಕರದು ಒಂದೊಂದು ರೀತಿ. ಮೂರು ಎಳೆಗಳನ್ನೂ ಬಿಚ್ಚಿ, ಮಲ್ಟಿಮೀಟರನ್ನು ಬೀಪ್ ಬರುವ ಕಡೆಗೆ ತಿರುಗಿಸಿಕೊಂಡು, ಫ್ಲೋಟನ್ನು ಕೇಬಲ್ ಹಿಡಿದು ಕೆಳಕ್ಕೆ ಇಳಿಬಿಡಿ. ಯಾವ ಜೋಡಿಗೆ ಬೀಪ್ ಬಂತು ಎಂದು ಬರೆದುಕೊಳ್ಳಿ. ಫ್ಲೋಟನ್ನು ತಲೆಕೆಳಗು ಮಾಡಿ, ಕೇಬಲ್ ಕೆಳಗೆ ಬರುವಂತೆ ಎತ್ತಿ ಹಿಡಿಯಿರಿ. ಒಳಗಿನ ಗುಂಡು ಉರುಳುವ ‘ಟಕ್’ ಸದ್ದು ಕೇಳುತ್ತದೆ. ಈಗ ಇನ್ನೊಂದು ಜೋಡಿಗೆ ಬೀಪ್ ಬರಬೇಕು. ಎರಡು ಸಲವೂ ಇದ್ದ ಎಳೆಯೇ ಕಾಮನ್. ಎತ್ತಿ ಹಿಡಿದಾಗ ಕಾಮನ್ ಜೊತೆ ಬೀಪ್ ಕೊಟ್ಟ ಎಳೆ ನಿಮಗೆ ಬೇಕಾದದ್ದು. ಮೂರನೆಯ ಎಳೆಯ ತುದಿಗೆ ಟೇಪ್ ಸುತ್ತಿ ಬೇರೆಯಾಗಿಯೇ ಬಿಡಿ.

ಇನ್ನೊಂದು ಸೂಕ್ಷ್ಮವಿದೆ. ಕಂಟ್ರೋಲರಿನಲ್ಲಿ ಮೇಲಿನ ಟ್ಯಾಂಕಿಗೆ ಲೋ, ಹೈ ಎಂದು ಎರಡು ಟರ್ಮಿನಲ್, ಫ್ಲೋಟಿನಲ್ಲಿ ಮಾತ್ರ ಒಂದೇ ಸ್ವಿಚ್. ಫ್ಲೋಟಿನ ಆ ಎಳೆಯನ್ನು ಹೈಗೆ ಮಾತ್ರ ಕೊಟ್ಟು ಲೋವನ್ನು ಖಾಲಿ ಬಿಟ್ಟರೆ ಕೆಲವು ಕಂಟ್ರೋಲರ್‌ಗಳು ಗೊಂದಲಕ್ಕೆ ಬೀಳುತ್ತವೆ. ಲೋ ಮತ್ತು ಹೈ ಎರಡನ್ನೂ ಒಂದು ತುಂಡು ವೈರಿನಿಂದ ಕೂಡಿಸಿ, ಅಲ್ಲಿಗೆ ಫ್ಲೋಟಿನ ಎಳೆಯನ್ನು, ಕಾಮನ್‌ಗೆ ಕಾಮನ್ ಎಳೆಯನ್ನು ಕೊಡಿಸಿ. ಆಗ ಫ್ಲೋಟ್ ಎದ್ದರೆ ಎರಡೂ ಒದ್ದೆ, ಬಿದ್ದರೆ ಎರಡೂ ಒಣಗಿದ ಹಾಗೆ. ಎಲ್ಲಿ ಶುರು, ಎಲ್ಲಿ ನಿಲುಗಡೆ ಎಂಬುದನ್ನು ಆಮೇಲೆ ತೀರ್ಮಾನಿಸುವುದು ಕೇಬಲಿಗೆ ಕಟ್ಟಿದ ತೂಕದ ಗುಂಡು. ಗುಂಡಿನಿಂದ ಫ್ಲೋಟಿನವರೆಗೆ ಕೇಬಲ್ ಉದ್ದ ಬಿಟ್ಟಷ್ಟೂ ಫ್ಲೋಟ್ ಹೆಚ್ಚು ಏರಿ ಇಳಿಯುತ್ತದೆ, ಮೋಟಾರ್ ದಿನಕ್ಕೆ ಕಡಿಮೆ ಸಲ ಶುರುವಾಗುತ್ತದೆ. ತೀರಾ ಗಿಡ್ಡ ಬಿಟ್ಟರೆ ಎರಡು ಬಕೆಟ್ ನೀರು ಖರ್ಚಾದರೂ ಮೋಟಾರ್ ಎದ್ದು ಕೂರುತ್ತದೆ. ತೀರಾ ಉದ್ದ ಬಿಟ್ಟರೆ ಫ್ಲೋಟ್ ಟ್ಯಾಂಕಿನ ಗೋಡೆಗೋ ಒಳಬರುವ ಪೈಪಿಗೋ ಸಿಕ್ಕಿಕೊಳ್ಳುತ್ತದೆ. ಜೋತುಬಿದ್ದಲ್ಲೇ ಸಿಕ್ಕಿಕೊಂಡರೆ ನೀರು ಚೆಲ್ಲುತ್ತದೆ, ಎದ್ದಲ್ಲೇ ಸಿಕ್ಕಿಕೊಂಡರೆ ಮತ್ತೆ ‘ಮೋಟಾರ್ ಶುರುವಾಗುತ್ತಿಲ್ಲ’ ಎಂಬ ದೂರು. ಫ್ಲೋಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲಿಗೂ ತಗಲುವುದಿಲ್ಲವೆಂದು ನೋಡಿಯೇ ಮುಚ್ಚಳ ಹಾಕಿಸಿ.

ಬಿಚ್ಚಿಟ್ಟ ಆ ಮೂರು ಕಡ್ಡಿಗಳನ್ನು ಎಸೆದಿಲ್ಲವಾದರೆ ಅವನ್ನೇ ತೊಳೆದು ಮತ್ತೆ ಹಾಕಿಸಬಹುದು. ನನ್ನನ್ನು ಕೇಳಿದರೆ ಫ್ಲೋಟೇ ಇರಲಿ. ನಿಮ್ಮ ಬೋರ್‌ವೆಲ್ ನೀರಿಗೆ ಕಡ್ಡಿಗಿಂತ ಅದು ಮೇಲು, ಏಕೆಂದರೆ ಅದರ ಸ್ವಿಚ್ ನೀರನ್ನು ಮುಟ್ಟುವುದೇ ಇಲ್ಲ. ಸಂಪಿನ ಕಡ್ಡಿಗಳು ಮತ್ತೆ ಮತ್ತೆ ಪೊರೆ ಕಟ್ಟಿದರೆ ಅಲ್ಲಿಗೂ ಇದೇ ರೀತಿ, ತೇಲಿದಾಗ ಮುಚ್ಚುವ ಫ್ಲೋಟ್ ಹಾಕಿಸಿ. ಅದನ್ನು ಫುಟ್‌ವಾಲ್ವಿಗಿಂತ ಸಾಕಷ್ಟು ಮೇಲೆ ಕಟ್ಟಬೇಕು. ವಾಲ್ವ್ ಗಾಳಿ ಎಳೆಯುವ ಮೊದಲೇ ಫ್ಲೋಟ್ ಬೀಳಬೇಕು.

ಇದನ್ನು ಓದುತ್ತಿರುವ ಇತರರಿಗಾಗಿ ಇನ್ನೊಂದು ಬಗೆಯನ್ನೂ ಹೇಳಿಬಿಡುತ್ತೇನೆ, ನಿಮ್ಮ ಬೀದಿಯಲ್ಲೇ ಯಾರಿಗಾದರೂ ಬರಬಹುದು. ಸಂಪಿನ ದೀಪ ಸರಿಯಿದೆ, ಮೇಲೆ ಟ್ಯಾಂಕ್ ಖಾಲಿ, ಆದರೂ ಮೋಟಾರ್ ಏಳುತ್ತಿಲ್ಲ, ‘ಟ್ಯಾಂಕ್ ತುಂಬಿದೆ’ ಎಂಬ ದೀಪ ಉರಿಯುತ್ತಿದೆ. ಇಲ್ಲಿ ಕೊಳೆ ಕರೆಂಟನ್ನು ತಡೆಯುತ್ತಿಲ್ಲ, ದಾಟಿಸುತ್ತಿದೆ. ಬಿಸಿಲು ಒಳಗೆ ಬೀಳುವ ಟ್ಯಾಂಕಿನಲ್ಲಿ ಪಾಚಿ ಬೆಳೆದು, ಕಡ್ಡಿಗಳು ಸೇರುವ ಪ್ಲಾಸ್ಟಿಕ್ ಹಿಡಿಯ ತಳದಲ್ಲಿ ಹಸಿರು ಲೋಳೆ ಕಟ್ಟಿರುತ್ತದೆ. ನೀರು ಕೆಳಗಿಳಿದ ಮೇಲೂ ಆ ಒದ್ದೆ ಲೋಳೆಯ ಮೂಲಕವೇ ಕರೆಂಟು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ತಾರಸಿಗೆ ಹತ್ತದೆಯೇ ಇದನ್ನು ಪತ್ತೆಹಚ್ಚಬಹುದು. ಎಂಸಿಬಿ ಇಳಿಸಿ, ಮೇಲಿನ ಟ್ಯಾಂಕಿನಿಂದ ಬರುವ ವೈರ್‌ಗಳನ್ನು ಕಂಟ್ರೋಲರಿನಿಂದ ಬಿಚ್ಚಿ, ಮತ್ತೆ ಆಟೊ ಕೊಡಿ. ಮೋಟಾರ್ ಶುರುವಾದರೆ ತಪ್ಪು ತಾರಸಿಯಲ್ಲಿದೆ: ಲೋಳೆ, ಇಲ್ಲವೇ ನೀರು ಹೊಕ್ಕ ಜಾಯಿಂಟ್. ಕೂಡಲೇ ನಿಲ್ಲಿಸಿ, ವೈರ್ ಬಿಚ್ಚಿರುವಾಗ ಅದು ತಾನಾಗಿ ನಿಲ್ಲಲಾರದು. ಹಿಡಿಯ ತಳವನ್ನು ಒಣಬಟ್ಟೆಯಿಂದ ಒರೆಸಿ, ಪ್ರತಿ ಕಡ್ಡಿಗೂ ತೆಳುವಾದ ಪ್ಲಾಸ್ಟಿಕ್ ಕೊಳವೆ ತೊಡಿಸಿ, ತುದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಮಾತ್ರ ಬರಿದಾಗಿ ಬಿಟ್ಟರೆ ಲೋಳೆ ಕಟ್ಟಿದರೂ ಕಡ್ಡಿಗಳು ಕೂಡುವುದಿಲ್ಲ.

ನಿಮ್ಮ ಅತ್ತೆಯವರ ಭಯದ ಬಗ್ಗೆ. ಭಯ ಸಹಜ, ನೀರು ಕರೆಂಟು ಎರಡೂ ಇರುವ ಜಾಗ. ಹೇಗೂ ಎಲೆಕ್ಟ್ರಿಷಿಯನ್ ಬರುತ್ತಾರಲ್ಲ, ಮೋಟಾರಿನ ಲೈನಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಹಾಕಿಸಿ. ಕೇಬಲ್ ಸುಲಿದು ನೀರಿಗೆ ಕರೆಂಟು ಸೋರಿದರೆ ಅದು ತಕ್ಷಣ ಕಡಿತಗೊಳಿಸುತ್ತದೆ. ಅವರು ಬಂದಾಗ ಹೀಗೆ ಹೇಳಿ: “ಸಂಪಿನ ಲೂಪ್ ತೆಗೆದು ಕಡ್ಡಿಯ ವೈರ್ ವಾಪಸ್ ಕೊಡಿ. ಮೇಲಿನ ಫ್ಲೋಟ್ ತೇಲಿದಾಗ ಕೂಡುವ ಹಾಗೆ ಎಳೆ ಬದಲಿಸಿ, ಲೋ ಹೈ ಎರಡಕ್ಕೂ ಅದೇ ವೈರ್ ಕೊಡಿ.” ಅರ್ಧ ಗಂಟೆಯ ಕೆಲಸ. ಅವರು ಹೊರಡುವ ಮೊದಲು ಆಟೊದಲ್ಲಿಟ್ಟು, ಒಬ್ಬರು ತಾರಸಿಗೆ ಹತ್ತಿ ಫ್ಲೋಟನ್ನು ಕೈಯಲ್ಲಿ ಎತ್ತಲಿ: ಮೋಟಾರ್ ನಿಲ್ಲಬೇಕು. ಬಿಟ್ಟರೆ ಶುರುವಾಗಬೇಕು. ಕೆಲವು ಕಂಟ್ರೋಲರ್ ಕೆಲವು ಸೆಕೆಂಡು ತಡಮಾಡಿ ಶುರುಮಾಡುತ್ತವೆ, ಅಷ್ಟು ಕಾಯಿರಿ. ಆಮೇಲೆ ಎಂಸಿಬಿ ಇಳಿಸಿ ಸಂಪಿನ ಕಡ್ಡಿಗಳನ್ನು ನೀರಿನಿಂದ ಮೇಲೆತ್ತಿ ಕಟ್ಟಿ, ಮತ್ತೆ ಕರೆಂಟು ಕೊಡಿ: ಕೆಂಪು ದೀಪ ಉರಿಯಬೇಕು, ಮೋಟಾರ್ ಏಳಬಾರದು. ಇವಿಷ್ಟೂ ನಿಮ್ಮ ಕಣ್ಣೆದುರು ಆದ ಮೇಲೆ ಹಣ ಕೊಡಿ. ಸಂಪಿನ ಕಡ್ಡಿಗಳನ್ನು ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಎತ್ತಿ ನೋಡಿ, ಬೆಳ್ಳಗಾಗಿದ್ದರೆ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ಉಜ್ಜಿಬಿಡಿ.